ಗಾಡಿ ಎಲ್ಲೀವರೆಗೆ ಬರುತ್ತೆ?

— ಚಿಕ್ಕಮ್ಮ, ಕಾಶಿಗೆ ಟಿಕೆಟ್ ಆಯ್ತು. ಅಪ್ಪ, ಅಮ್ಮ, ನಾನು. ಮೂರು ರಾತ್ರಿ ಇರ್ತೀವಿ. ಉಳಿಯೋದೆಲ್ಲಿ ಅನ್ನೋದೊಂದು ತೀರ್ಮಾನ ಆಗ್ತಿಲ್ಲ. ಮೂರು ಜಾಗ ನೋಡಿಟ್ಟಿದೀನಿ. ಒಂದು ಕಂಟೋನ್ಮೆಂಟ್ ಸ್ಟೇಷನ್ ಎದುರಿಗೆ, ನಡೆದೇ ಹೋಗಬಹುದು. ಇನ್ನೊಂದು ಗೋದೌಲಿಯಾ ಹತ್ತಿರ, ವಿಶ್ವನಾಥನ ಗುಡಿಗೆ ಆರುನೂರು ಮೀಟರ್ ಅಂತ ಬರೆದಿದಾರೆ. ಮೂರನೇದು ಅಸ್ಸಿ ಘಾಟ್ ಕಡೆ, ಗಲಾಟೆ ಕಮ್ಮಿ ಅಂತೆ, ಆದರೆ ಎಲ್ಲದಕ್ಕೂ ದೂರ. ನೀವು ಎಷ್ಟೋ ಸಲ ಜನರನ್ನ ಕರ್ಕೊಂಡು ಹೋಗಿ ಬಂದಿದೀರಲ್ಲ, ನೀವೇ ಹೇಳಿ.

— ಯಾವಾಗ ಹೊರಡೋದು? ಶಿವರಾತ್ರಿ ಸಮಯಕ್ಕೇನೂ ಅಲ್ಲ ತಾನೆ?

— ಅಲ್ಲ, ಫೆಬ್ರವರಿ ಶುರುವಿನಲ್ಲಿ. ಶಿವರಾತ್ರಿಗಿಂತ ಎಷ್ಟೋ ದಿನ ಮುಂಚೆ.

— ಸರಿ. ಶಿವರಾತ್ರಿ, ಶ್ರಾವಣ ಸೋಮವಾರ, ಕಾರ್ತಿಕ ಹುಣ್ಣಿಮೆಯ ದೇವದೀಪಾವಳಿ, ಈ ದಿನಗಳಲ್ಲಾದರೆ ನನ್ನ ಮಾತೇ ಬೇರೆ ಇರ್ತಿತ್ತು. ಆಗ ಪೊಲೀಸರು ಬಹಳ ಹಿಂದೇನೇ ರಸ್ತೆ ಕಟ್ಟಿಬಿಡ್ತಾರೆ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನಡೆದು ಹೋಗೋ ಹಾಗಿದ್ದರೆ ಮಾತ್ರ ಉಳೀಬೇಕು, ಇಲ್ಲದಿದ್ದರೆ ಆ ದಿನ ಬಿಟ್ಟುಬಿಡಬೇಕು. ಈಗ ಹೇಳು, ಯಾವ ರೈಲು?

— ಸಂಘಮಿತ್ರ. ಹೋಗೋಕೂ ಅದೇ, ಬರೋಕೂ ಅದೇ.

— ಹಾಗಾದರೆ ನಿನ್ನ ಮೊದಲನೇ ಜಾಗಾನ ಈಗಲೇ ತೆಗೆದುಬಿಡು. ಸಂಘಮಿತ್ರ ಕಾಶಿ ಊರೊಳಗೆ ಹೋಗೋದೇ ಇಲ್ಲ. ಅದು ನಿಲ್ಲೋದು ಮೊಗಲ್‌ಸರಾಯ್‌ನಲ್ಲಿ. ಟಿಕೆಟ್ ತೆಗೆದು ನೋಡು, DDU ಅಂತ ಇರುತ್ತೆ.

— ಇದೆ. ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್. ಊರಲ್ಲೇ ಇರೋ ಇನ್ನೊಂದು ಸ್ಟೇಷನ್ ಇರಬೇಕು ಅಂದ್ಕೊಂಡೆ.

— 2018ರಲ್ಲಿ ಹೆಸರು ಬದಲಾಯಿತು. ಅದು ಗಂಗೆಯ ಆಚೆ ದಡ, ಚಂದೌಲಿ ಜಿಲ್ಲೆ. ಊರಿಂದ ಹದಿನೈದು ಕಿಲೋಮೀಟರ್ ಆಸುಪಾಸು. ಕಾಶೀಲಿ ಸ್ಟೇಷನ್ ಹತ್ತಿರ ಅಂತ ಯಾರಾದರೂ ಅಂದರೆ ಮೊದಲು ಯಾವ ಸ್ಟೇಷನ್ನು ಅಂತ ಕೇಳಬೇಕು. BSB ಅಂದರೆ ವಾರಾಣಸಿ ಜಂಕ್ಷನ್, ಅಲ್ಲಿನವರು ಕಂಟೋನ್ಮೆಂಟ್, ಕ್ಯಾಂಟ್ ಅಂತಾರೆ. BSBS ಅಂದರೆ ಬನಾರಸ್, ಹಳೇ ಮಂಡುವಾಡೀಹ್. ಒಂದೇ ಅಕ್ಷರ ಜಾಸ್ತಿ ಅಷ್ಟೆ, ಎಷ್ಟೋ ಜನ ಗಮನಿಸದೇ ತಪ್ಪು ಕಡೆ ಹೋಗಿ ನಿಲ್ತಾರೆ. ಇದಲ್ಲದೆ ವಾರಾಣಸಿ ಸಿಟಿ ಅಂತ ಒಂದು, ರಾಜಘಾಟ್ ಹತ್ತಿರ ಕಾಶಿ ಅಂತಲೇ ಇನ್ನೊಂದು. ನೀನು ಕ್ಯಾಂಟ್ ಎದುರಿಗೆ ರೂಮು ಮಾಡಿದರೆ, ನಿನ್ನ ರೈಲು ಬರದ ಸ್ಟೇಷನ್ನಿಗೆ ಹತ್ತಿರ ಇರೋಕೆ ದುಡ್ಡು ಕೊಟ್ಟ ಹಾಗಾಗುತ್ತೆ.

— ಕ್ಯಾಂಟ್‌ಗೇ ಬರೋ ರೈಲು ಆಗಿದ್ದರೆ?

— ಆಗಲೂ ಮೂರು ರಾತ್ರಿಗೆ ನಾನು ಬೇಡ ಅಂತಲೇ ಹೇಳ್ತಿದ್ದೆ. ಒಂದು ಹಾಳೆ ತಗೋ. ನೀವು ಅಲ್ಲಿ ಏನೇನು ಮಾಡಬೇಕು, ಎಷ್ಟು ಗಂಟೆಗೆ ಮಾಡಬೇಕು, ಬರಿ. ಸ್ಟೇಷನ್ನಿಗೆ ಹೋಗೋದು ಬರೋವಾಗ ಒಂದು ಸಲ, ಹೋಗೋವಾಗ ಒಂದು ಸಲ. ಅಷ್ಟೇ. ಗುಡಿ, ಗಂಗೆ, ಘಾಟು, ಇವಕ್ಕೆ ದಿನಾ ಎರಡು ಮೂರು ಸಲ. ಕ್ಯಾಂಟಿಂದ ಗೋದೌಲಿಯಾಕ್ಕೆ ನಾಲ್ಕೈದು ಕಿಲೋಮೀಟರ್ ಅಂತ ನಕ್ಷೆ ಹೇಳುತ್ತೆ. ಸಂಜೆ ಹೊತ್ತಲ್ಲಿ ಆ ದಾರೀಲಿ ಮುಕ್ಕಾಲು ಗಂಟೆ ಕೂತಿದ್ದರೂ ಆಶ್ಚರ್ಯ ಇಲ್ಲ. ಅಷ್ಟಾದ ಮೇಲೂ ಗೋದೌಲಿಯಾ ಚೌಕದ ಹತ್ತಿರ ಬ್ಯಾರಿಕೇಡ್ ಹಾಕಿ ಇಳಿಸಿಬಿಡ್ತಾರೆ, ಅಲ್ಲಿಂದ ಘಾಟಿಗೆ ನಡೀಬೇಕು. ವಾಪಸು ಬರೋಕೂ ಅದೇ ಪಾಡು. ಸ್ಟೇಷನ್ ಪಕ್ಕ ಉಳಿಯೋದು ಒಂದೇ ರಾತ್ರಿ ಇರೋರಿಗೆ, ಹೊತ್ತಲ್ಲದ ಹೊತ್ತಲ್ಲಿ ರೈಲು ಇರೋರಿಗೆ ಸರಿ. ಡಿಸೆಂಬರ್, ಜನವರೀಲಿ ಮಂಜು ಬಿದ್ದು ರೈಲು ಗಂಟೆಗಟ್ಟಲೆ ತಡ ಆಗುತ್ತಲ್ಲ, ಆಗಲೂ ಅನುಕೂಲ. ಅದಕ್ಕೂ ಹೋಟೆಲ್ಲೇ ಆಗಬೇಕೂಂತಿಲ್ಲ. ಟಿಕೆಟಿನ ಪಿಎನ್‌ಆರ್ ಹಾಕಿದರೆ ಸ್ಟೇಷನ್ನಿನ ರಿಟೈರಿಂಗ್ ರೂಮೇ ಸಿಗಬಹುದು, ಖಾಲಿ ಇದ್ದರೆ.

— ಹಾಗಾದರೆ ಗೋದೌಲಿಯಾನೇ ಸರಿ ಅಲ್ವಾ? ಗುಡಿಗೂ ದಶಾಶ್ವಮೇಧ ಘಾಟಿಗೂ ಹತ್ತಿರ.

— ಹಾಳೇಲಿ ಬರೆದದ್ದು ಓದು ಮೊದಲು.

— ಮೊದಲನೇ ದಿನ ಬೆಳಗ್ಗೆ ತಲುಪ್ತೀವಿ. ಸಂಜೆ ಗಂಗಾ ಆರತಿ. ಎರಡನೇ ದಿನ ಬೆಳಗಿನ ಜಾವ ವಿಶ್ವನಾಥನ ಮಂಗಳಾರತಿ, ಅಪ್ಪನಿಗೆ ಅದು ಆಗಲೇಬೇಕು. ಆಮೇಲೆ ತಾತನಿಗೆ ಪಿಂಡಪ್ರದಾನ. ಮೂರನೇ ದಿನ ಬೆಳಗ್ಗೆ ದೋಣಿ, ಮಧ್ಯಾಹ್ನ ಸಾರನಾಥ. ನಾಲ್ಕನೇ ದಿನ ಅನ್ನಪೂರ್ಣೆ, ವಿಶಾಲಾಕ್ಷಿ ನೋಡಿಕೊಂಡು ರಾತ್ರಿ ರೈಲು.

— ಅಕ್ಕನ ಮಂಡಿ ಈಗ ಹೇಗಿದೆ?

— ಸಮತಟ್ಟಾಗಿದ್ದರೆ ಕಾಲು ಗಂಟೆ ನಡೀತಾರೆ. ಮೆಟ್ಟಿಲು ಹತ್ತಬಹುದು, ಇಳಿಯೋದು ಕಷ್ಟ. ಇಳಿಯೋವಾಗ ಕೈ ಹಿಡಿದುಕೊಳ್ಳಲೇಬೇಕು.

— ಇದನ್ನ ಹಾಳೆಯ ಮೇಲ್ಗಡೆ ಬರಿ. ಕಾಶೀಲಿ ರೂಮು ಹುಡುಕೋವಾಗ ಇದೇ ಮುಖ್ಯ, ಕಿಲೋಮೀಟರಲ್ಲ. ಆ ಊರಿನ ಹಳೇ ಭಾಗದಲ್ಲಿ ಗಾಡಿ ಓಡಾಡೋ ರಸ್ತೆ ಒಂದು ಕಡೆ, ಗಂಗೆ ಇನ್ನೊಂದು ಕಡೆ, ನಡುವೆ ಪೂರ್ತಿ ಗಲ್ಲಿ. ಕೆಲವು ಗಲ್ಲೀಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕು, ಅಷ್ಟರಲ್ಲಿ ಹಸು ಬರುತ್ತೆ, ಬೈಕು ಬರುತ್ತೆ. ಗುಡಿಗೆ ಆರುನೂರು ಮೀಟರ್ ಅಂತ ಬರೆದಿದಾರೆ ಅಂದೆಯಲ್ಲ, ಅದು ನಕ್ಷೆ ಮೇಲೆ ಗೆರೆ ಎಳೆದು ಹೇಳಿದ್ದಿರಬಹುದು. ಗಲ್ಲಿ ಗೆರೆ ಎಳೆದ ಹಾಗೆ ಹೋಗಲ್ಲ. ಮೇಲಾಗಿ ಗುಡಿಗೆ ಹಲವು ಬಾಗಿಲು. 2021ರಲ್ಲಿ ಧಾಮ ಕಟ್ಟಿದ ಮೇಲೆ ಲಲಿತಾ ಘಾಟಿಂದಾನೂ ಒಳಗೆ ಹೋಗಬಹುದು. ಯಾವ ಬಾಗಿಲಿಗೆ ಆರುನೂರು ಅನ್ನೋದನ್ನ ಅವರು ಹೇಳಿರಲ್ಲ.

— ಆದರೂ ಹತ್ತಿರ ಹತ್ತಿರಾನೇ ಅಲ್ವಾ?

— ನಿನಗೆ ಹತ್ತಿರ. ನೀನೊಬ್ಬನೇ ಬೆನ್ನಿಗೊಂದು ಚೀಲ ಹಾಕಿಕೊಂಡು ಹೋಗೋದಾಗಿದ್ದರೆ ಕಣ್ಣು ಮುಚ್ಚಿಕೊಂಡು ಅಲ್ಲೇ ಉಳಿ ಅಂತಿದ್ದೆ. ರಾತ್ರಿ ಹತ್ತಕ್ಕೂ ಹೊರಗೆ ಬಂದು ಘಾಟಿನ ಮೇಲೆ ಕೂರಬಹುದು, ಆ ಸುಖ ಬೇರೆ ಕಡೆ ಇಲ್ಲ. ಹತ್ತಿರದಲ್ಲೇ ಜಂಗಮವಾಡಿ ಮಠ ಇದೆ, ನಮ್ಮ ಕಡೆಯ ವೀರಶೈವ ಭಕ್ತರು ಅಲ್ಲಿಗೆ ಹೋಗ್ತಾನೇ ಇರ್ತಾರೆ, ಕನ್ನಡವೂ ಕಿವಿಗೆ ಬೀಳುತ್ತೆ. ಆದರೆ ಅಕ್ಕನನ್ನ ಇಟ್ಟುಕೊಂಡು ಮೊದಲನೇ ಸಂಜೆ ಹೇಗಿರುತ್ತೆ ಅಂತ ಯೋಚನೆ ಮಾಡು. ಫೆಬ್ರವರೀಲಿ ಆರತಿ ಶುರುವಾಗೋದು ಸಂಜೆ ಆರೂವರೆ ಸುಮಾರಿಗೆ. ಕೂರೋಕೆ ಜಾಗ ಬೇಕೂಂದರೆ ಒಂದು ಗಂಟೆ ಮುಂಚೆ ಹೋಗಬೇಕು. ಮೆಟ್ಟಿಲು ಇಳೀಬೇಕು, ಕಲ್ಲಿನ ಮೇಲೆ ಕೂರಬೇಕು. ಮುಕ್ಕಾಲು ಗಂಟೆಯಲ್ಲಿ ಆರತಿ ಮುಗಿಯುತ್ತೆ. ಮುಗಿದ ಕೂಡಲೇ ಅಷ್ಟೂ ಜನ ಎದ್ದು ಒಂದೇ ರಸ್ತೇಲಿ ಗೋದೌಲಿಯಾ ಕಡೆಗೆ ಹೊರಡ್ತಾರೆ. ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ. ನಿಲ್ಲೋಕಾಗಲ್ಲ, ಕೂರೋಕಾಗಲ್ಲ. ಅಕ್ಕ ಕೈ ಹಿಡಿದುಕೊಳ್ಳಬೇಕು ಅಂದೆಯಲ್ಲ, ಅಲ್ಲಿ ಇಬ್ಬರು ಪಕ್ಕಪಕ್ಕ ನಡೆಯೋದೇ ಕಷ್ಟ. ನಕ್ಷೇಲಿ ಹತ್ತು ನಿಮಿಷದ ದಾರಿ, ಅಕ್ಕನಿಗೆ ಮುಕ್ಕಾಲು ಗಂಟೆ.

— ಬೆಳಗಿನ ಜಾವದ ಮಂಗಳಾರತಿಗಾದರೂ ಹತ್ತಿರ ಇದ್ದರೆ ವಾಸಿ ಅಲ್ವಾ? ಮೂರು ಗಂಟೆಗೆ ದೂರದಿಂದ ಹೇಗೆ ಬರೋದು?

— ಎಲ್ಲರೂ ಇದನ್ನೇ ಕೇಳ್ತಾರೆ. ನಿಜ ಏನೂಂದರೆ ಆ ಹೊತ್ತಿಗೆ ರಸ್ತೆ ಖಾಲಿ. ಅಸ್ಸಿಯಿಂದ ಗೋದೌಲಿಯಾ ಮೂರು ಕಿಲೋಮೀಟರ್ ಚಿಲ್ಲರೆ, ಎರಡೂವರೆಗೆ ಆಟೋ ಹತ್ತಿದರೆ ಹದಿನೈದು ನಿಮಿಷ ಸಾಕು. ಹಗಲಲ್ಲಿ ಬಿಡದಷ್ಟು ಹತ್ತಿರಕ್ಕೂ ಆಗ ಹೋಗಬಹುದು. ಕಾಶೀಲಿ ದೂರ ಅನ್ನೋದು ಗಳಿಗೆಗೊಂದು ಥರ. ಬೆಳಗಿನ ಜಾವ ಅಸ್ಸಿ ಕೂಡ ಹತ್ತಿರ, ಸಂಜೆ ಏಳಕ್ಕೆ ಗೋದೌಲಿಯಾ ಕೂಡ ದೂರ. ಹಿಂದಿನ ರಾತ್ರೀನೇ ಲಾಡ್ಜಿನವರ ಹತ್ತಿರ ಹೇಳಿ ಆಟೋ ಗೊತ್ತು ಮಾಡಿಸಬೇಕು, ಚಾಲಕನ ನಂಬರು ನಿನ್ನ ಹತ್ತಿರಾನೇ ಇರಬೇಕು. ಮಂಗಳಾರತಿ ಟಿಕೆಟನ್ನ ದೇವಸ್ಥಾನದವರ ತಾಣದಲ್ಲೇ ಮುಂಚೆ ಮಾಡಿಸು. ಗಾಲಿಕುರ್ಚಿ ಸಿಗುತ್ತಾ, ಯಾವ ಬಾಗಿಲಲ್ಲಿ ಸಿಗುತ್ತೆ, ಅದನ್ನೂ ಆಗಲೇ ವಿಚಾರಿಸು.

— ಅಂದರೆ ನೀವು ಅಸ್ಸಿ ಅಂತಿದೀರಾ? ಅದು ಗಲಾಟೆ ಕಮ್ಮಿ ಅಂತ ಮಾತ್ರ ಪಟ್ಟೀಲಿ ಹಾಕಿದ್ದೆ. ದೂರ ಅಂತ ಕೊನೇಲಿ ಇಟ್ಟಿದ್ದೆ.

— ಗಲಾಟೆ ಕಮ್ಮಿ ಅನ್ನೋದು ಘಾಟಿಗೆ ಅಂಟಿಕೊಂಡಿರೋ ಲಾಡ್ಜುಗಳ ವಿಷಯದಲ್ಲಿ ಈಗ ಅಷ್ಟು ನಿಜ ಅಲ್ಲ. ಅಲ್ಲಿ ಬೆಳಗಿನ ಜಾವ ‘ಸುಬಹ್-ಎ-ಬನಾರಸ್’ ನಡೆಯುತ್ತೆ, 2014ರಿಂದ. ಸೂರ್ಯ ಹುಟ್ಟೋಕೆ ಮುಂಚೆ ಆರತಿ, ಮಂತ್ರ, ಆಮೇಲೆ ಸಂಗೀತ, ಯೋಗ. ಎಲ್ಲಾ ಧ್ವನಿವರ್ಧಕದಲ್ಲಿ. ಭಾವನಿಗೆ ಅದು ಕೇಳೋಕೆ ಇಷ್ಟ ಆಗುತ್ತೆ, ಅದು ಬೇರೆ ಮಾತು. ಆದರೆ ಮಲಗಬೇಕು ಅನ್ನೋರು ಘಾಟಿಂದ ಎರಡು ಗಲ್ಲಿ ಹಿಂದಕ್ಕೆ, ಭದೈನಿ ಕಡೆ ಬರಬೇಕು. ನಾನು ಅಸ್ಸಿ ಅಂತ ಹೇಳ್ತಿರೋದು ನಿಶ್ಶಬ್ದಕ್ಕಲ್ಲ. ಅಲ್ಲಿ ಗಾಡಿ ಹೆಚ್ಚುಕಮ್ಮಿ ಘಾಟಿನ ಹತ್ತಿರದವರೆಗೆ ಬರುತ್ತೆ. ದಶಾಶ್ವಮೇಧದಲ್ಲಾಗಲಿ ಕೇದಾರ ಘಾಟಿನಲ್ಲಾಗಲಿ ಹಾಗಿಲ್ಲ. ಅಕ್ಕನಿಗೆ ನೂರಿನ್ನೂರು ಹೆಜ್ಜೆಯಲ್ಲಿ ಗಂಗೆ ಕಾಣೋದು ಅಲ್ಲಿ ಮಾತ್ರ. ಅಸ್ಸೀಲಿ ಸಂಜೇನೂ ಆರತಿ ಇದೆ, ದಶಾಶ್ವಮೇಧದಷ್ಟು ದೊಡ್ಡದಲ್ಲ, ಜನ ಕಮ್ಮಿ, ಮೇಲ್ಗಡೇನೇ ಕೂತು ನೋಡಬಹುದು.

— ಅಮ್ಮನಿಗೆ ಆ ದೊಡ್ಡ ಆರತೀನೇ ನೋಡಬೇಕು ಅಂತ. ಟಿವೀಲಿ ನೋಡಿ ನೋಡಿ ಆಸೆ ಬೆಳೆಸಿಕೊಂಡಿದಾರೆ.

— ನೋಡಲಿ. ಅದಕ್ಕೆ ದೋಣಿ ಇದೆ. ಅಸ್ಸೀಲೇ ದೋಣಿ ಹತ್ತಿಸು, ಆರತಿಗೆ ಒಂದು ಗಂಟೆ ಮುಂಚೆ. ಮೂರು ಕಿಲೋಮೀಟರಿಗೆ ಹತ್ತಿರ ಆಗುತ್ತೆ, ದಾರೀಲಿ ಘಾಟುಗಳೂ ಒಂದೊಂದಾಗಿ ಕಾಣುತ್ತೆ. ದಶಾಶ್ವಮೇಧದ ಎದುರಿಗೆ ದೋಣಿಗಳೆಲ್ಲಾ ಸಾಲಾಗಿ ನಿಲ್ಲುತ್ವೆ, ಆರತಿ ಮಾಡೋರ ಮುಖ ಗಂಗೆ ಕಡೆಗೇ ಇರುತ್ತೆ, ಹಾಗಾಗಿ ದೋಣಿಯಿಂದಾನೇ ಚೆನ್ನಾಗಿ ಕಾಣೋದು. ಮುಗಿದ ಮೇಲೆ ಅದೇ ದೋಣೀಲಿ ಅಸ್ಸಿಗೆ ವಾಪಸು. ಗೋದೌಲಿಯಾದ ನೂಕುನುಗ್ಗಲಿಗೆ ಕಾಲೇ ಇಡಬೇಕಾಗಿಲ್ಲ. ದೋಣಿಯವರ ಹತ್ತಿರ ಬಾಡಿಗೆ ಮಾತಾಡೋವಾಗ ಹೋಗಿ, ನಿಂತು, ವಾಪಸು ತಂದು ಬಿಡೋದು ಅಂತ ಮೂರನ್ನೂ ಸೇರಿಸಿ ಮಾತಾಡು. ಇಲ್ಲದಿದ್ದರೆ ಕತ್ತಲಲ್ಲಿ ಬೇರೆ ಘಾಟಿನಲ್ಲಿ ಇಳಿಸಿ ಇಲ್ಲಿಂದ ಹತ್ತಿರ ಅಂತಾರೆ. ದೋಣಿ ಹತ್ತೋವಾಗ ಇಳಿಯೋ ಮೆಟ್ಟಿಲು ಎಷ್ಟು ಅನ್ನೋದು ಆವತ್ತಿನ ನೀರಿನ ಮಟ್ಟದ ಮೇಲೆ ಹೋಗುತ್ತೆ. ಬೆಳಗ್ಗೇನೇ ಒಂದು ಸಲ ಹೋಗಿ ನೋಡಿಕೊಂಡು ಬಾ. ಶಾಲು, ಸ್ವೆಟರ್ ಇರಲಿ, ನೀರಿನ ಮೇಲೆ ಚಳಿ ಜಾಸ್ತಿ.

— ಪಿಂಡಪ್ರದಾನಕ್ಕೆ?

— ಅದಕ್ಕೂ ಈ ಕಡೇನೇ ಹತ್ತಿರ. ನಮ್ಮ ದಕ್ಷಿಣದ ಪುರೋಹಿತರು ಹೆಚ್ಚಾಗಿ ಇರೋದು ಹನುಮಾನ್ ಘಾಟ್, ಕೇದಾರ ಘಾಟ್ ಕಡೆ. ಹನುಮಾನ್ ಘಾಟಿನ ಮಗ್ಗುಲಲ್ಲೇ ಕರ್ನಾಟಕ ಘಾಟ್ ಅಂತಲೇ ಇದೆ, ಹಿಂದಿನ ಮೈಸೂರು ಸಂಸ್ಥಾನದವರು ಕಟ್ಟಿಸಿದ್ದು. ಅಸ್ಸಿಯಿಂದ ಅಲ್ಲಿಗೆ ಒಂದು ಕಿಲೋಮೀಟರ್ ಆಸುಪಾಸು. ಗೋದೌಲಿಯಾದಲ್ಲಿ ಉಳಿದಿದ್ದರೆ ಈ ಕಡೆಗೇ ಬರಬೇಕಾಗಿತ್ತು.

— ಹಾಗಾದರೆ ಹನುಮಾನ್ ಘಾಟಿನಲ್ಲೇ ಉಳಿದರೆ? ಎರಡಕ್ಕೂ ನಡುವೆ ಆಯ್ತು. ನಮ್ಮ ಕಡೆಯ ಊಟವೂ ಸಿಗುತ್ತೆ.

— ಭಾವ ಒಬ್ಬರೇ ಹೋಗೋದಾಗಿದ್ದರೆ ಅದೇ ಸರಿ. ಇಡ್ಲಿ, ಸಾರು, ಅನ್ನ ಎಲ್ಲಾ ಸಿಗುತ್ತೆ ಅಲ್ಲಿ. ಆದರೆ ಮುಖ್ಯರಸ್ತೆಯಿಂದ ಒಳಗೆ ಗಲ್ಲೀಲಿ ನಡೀಬೇಕು, ಸೂಟ್‌ಕೇಸು ಹೊತ್ತುಕೊಂಡು. ಇನ್ನೊಂದು ವಿಷಯ ನೇರವಾಗಿ ಹೇಳ್ತೀನಿ. ಪಕ್ಕದಲ್ಲೇ ಹರಿಶ್ಚಂದ್ರ ಘಾಟ್. ಅಲ್ಲಿ ಹಗಲೂ ರಾತ್ರಿ ಚಿತೆ ಉರೀತಾನೇ ಇರುತ್ತೆ, ಹೊಗೆ ಕಿಟಕಿಗೆ ಬರುತ್ತೆ. ಕೆಲವರಿಗೆ ಅದರಿಂದಾನೇ ಮನಸ್ಸಿಗೆ ಸಮಾಧಾನ, ಕಾಶಿಗೆ ಬಂದದ್ದು ಸಾರ್ಥಕ ಅನ್ನಿಸುತ್ತೆ. ಅಕ್ಕ ಹೋದ ವರ್ಷವಷ್ಟೇ ಗೆಳತೀನ ಕಳ್ಕೊಂಡಿದಾಳೆ, ರಾತ್ರಿ ನಿದ್ದೆ ಮಾಡಲ್ಲ. ಅವಳನ್ನ ಒಂದು ಮಾತು ಕೇಳದೆ ಆ ಕಡೆ ರೂಮು ಮಾಡಬೇಡ.

— ಕೇಳ್ತೀನಿ. ಸರಿ, ರಾತ್ರಿ ರೈಲಿಗೆ ಅಸ್ಸಿ ದೂರ ಆಗಲ್ವಾ? ಮೊಗಲ್‌ಸರಾಯ್ ಊರಿನ ಆ ತುದಿ, ಇದು ಈ ತುದಿ.

— ನಕ್ಷೇನ ಸರಿಯಾಗಿ ನೋಡು. ಮೊಗಲ್‌ಸರಾಯ್‌ಗೆ ಎಲ್ಲರೂ ಹೋಗೋದು ರಾಜಘಾಟಿನ ಮಾಲವೀಯ ಸೇತುವೆ ಮೇಲೆ. 1887ರ ಸೇತುವೆ ಅದು, ಮೇಲೆ ರಸ್ತೆ, ಕೆಳಗೆ ರೈಲು. ಗೋದೌಲಿಯಾದಿಂದಾಗಲಿ ಕ್ಯಾಂಟಿಂದಾಗಲಿ ಹೋಗಬೇಕಾದರೆ ಊರು ಪೂರ್ತಿ ದಾಟಿ ಅಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ತಾರೆ. ನಿನಗೆ ಆ ದಾರಿ ಬೇಡ. ಅಸ್ಸಿಯಿಂದ ಲಂಕಾ, ಬಿಎಚ್‌ಯು ಪಕ್ಕದಲ್ಲಿ ಸಾಮ್ನೆ ಘಾಟ್, ಅಲ್ಲಿ ಗಂಗೆ ಮೇಲೆ ಇನ್ನೊಂದು ಸೇತುವೆ. ದಾಟಿದರೆ ರಾಮನಗರ, ಅಲ್ಲಿಂದ ನೇರ ಮೊಗಲ್‌ಸರಾಯ್. ಊರೊಳಗೆ ಹೋಗೋದೇ ಬೇಕಾಗಿಲ್ಲ. ನಿನ್ನ ರೈಲಿಗೆ ಮೂರು ಜಾಗದಲ್ಲಿ ಅನುಕೂಲ ಆಗೋದು ಅಸ್ಸೀನೇ. ಆದರೂ ಎರಡು ಗಂಟೆ ಮುಂಚೆ ಹೊರಡು. ಚಾಲಕನಿಗೆ ರಾಮನಗರದ ಮೇಲೆ ಅಂತ ಮೊದಲೇ ಹೇಳಿ ಬಾಡಿಗೆ ಮಾತಾಡು.

— ನಾನು ದೂರ ಅಂತ ಕೊನೇಲಿ ಇಟ್ಟಿದ್ದ ಜಾಗ ಎಲ್ಲದಕ್ಕೂ ಹತ್ತಿರ ಆಯ್ತಲ್ಲ.

— ಎಲ್ಲದಕ್ಕೂ ಅಲ್ಲ. ಸಾರನಾಥಕ್ಕೆ ದೂರಾನೇ, ಊರಿನ ಉತ್ತರಕ್ಕಿದೆ ಅದು, ಹೋಗಿ ಬರೋಕೆ ಅರ್ಧ ದಿನ ಬೇಕು. ಕೊನೇ ದಿನ ಅನ್ನಪೂರ್ಣೆ, ವಿಶಾಲಾಕ್ಷಿ ಅಂತ ಬರೆದಿದೀಯಲ್ಲ, ಅದಕ್ಕೆ ಮತ್ತೆ ಗೋದೌಲಿಯಾ ಗಲ್ಲಿಗೇ ಹೋಗಬೇಕು. ಅನ್ನಪೂರ್ಣೆ ಗುಡಿ ವಿಶ್ವನಾಥನ ಪಕ್ಕದಲ್ಲೇ ಇರೋದು. ಮಂಗಳಾರತಿಗೆ ಹೋದ ದಿನವೇ ಬೆಳಗ್ಗೆ ಬಾಗಿಲು ತೆಗೆಯೋವರೆಗೆ ಕೂತಿದ್ದು ಅದನ್ನೂ ನೋಡಿಕೊಂಡು ಬಂದುಬಿಡಿ. ವಿಶಾಲಾಕ್ಷಿ ಮೀರ್ ಘಾಟಿನ ಕಡೆ, ಅಕ್ಕನಿಗೆ ಸುಸ್ತಾಗದಿದ್ದರೆ ಮಾತ್ರ. ಕೊನೇ ದಿನ ಅವಳು ರೂಮಲ್ಲಿ ಕಾಲು ಚಾಚಿಕೊಂಡು ಇರಲಿ, ರಾತ್ರಿ ರೈಲಿದೆ. ಅಂದ ಹಾಗೆ ಲಾಡ್ಜಿನವರು ಮಧ್ಯಾಹ್ನಕ್ಕೆ ರೂಮು ಬಿಡಿ ಅಂತಾರೆ. ಸಂಜೇವರೆಗೆ ಅರ್ಧ ದಿನದ ಬಾಡಿಗೆ ಕೊಟ್ಟು ಇಟ್ಟುಕೋ. ಬರೋ ದಿನ ಬೆಳಗ್ಗೇನೇ ರೂಮು ಕೊಡ್ತಾರಾ ಅನ್ನೋದನ್ನೂ ಕೇಳು. ಎರಡು ರಾತ್ರಿ ರೈಲಲ್ಲಿ ಕೂತು ಬಂದೋರನ್ನ ಮಧ್ಯಾಹ್ನದವರೆಗೆ ಹೊರಗೆ ಕೂರಿಸಬಾರದು.

— ಮಳೆಗಾಲದಲ್ಲಿ ಹೋಗೋರಿಗೂ ಇದೇ ಲೆಕ್ಕಾನಾ? ನಮ್ಮ ಆಫೀಸಿನವರೊಬ್ಬರು ಆಗಸ್ಟಿನಲ್ಲಿ ಹೋಗ್ತಾರಂತೆ.

— ಬೇಡ ಅಂತ ಹೇಳು. ಜುಲೈ ಕಳೆದ ಮೇಲೆ ಸೆಪ್ಟೆಂಬರ್‌ವರೆಗೆ ಗಂಗೆ ಏರಿದಾಗ ಘಾಟಿನ ಮೆಟ್ಟಿಲೆಲ್ಲಾ ಮುಳುಗುತ್ತೆ. ಒಂದು ಘಾಟಿಂದ ಇನ್ನೊಂದಕ್ಕೆ ಹೋಗೋಕಾಗಲ್ಲ, ದೋಣಿ ನಿಲ್ಲಿಸಿಬಿಡ್ತಾರೆ, ಆರತೀನ ಮಾಳಿಗೆ ಮೇಲೆ ಮಾಡ್ತಾರೆ. ದೊಡ್ಡ ನೆರೆ ಬಂದ ವರ್ಷ ಅಸ್ಸಿ ಕಡೆಯ ಗಲ್ಲಿಗಳಿಗೂ ನೀರು ನುಗ್ಗುತ್ತೆ. ನಾನು ಹೇಳಿದ ದೋಣಿಯ ಉಪಾಯ ಆಗ ನಡೆಯಲ್ಲ. ಹೋಗಲೇಬೇಕಾದರೆ ಘಾಟಿಂದ ದೂರ, ಎತ್ತರದಲ್ಲಿ, ಗೋದೌಲಿಯಾ ಮುಖ್ಯರಸ್ತೆ ಕಡೆ ಇರಲಿ.

— ಅಸ್ಸೀಲಿ ನಾನು ನೋಡಿರೋ ಲಾಡ್ಜು ಸರಿಯಾಗಿದೆಯೋ ಇಲ್ಲವೋ ಅಂತ ತಿಳ್ಕೊಳ್ಳೋದು ಹೇಗೆ? ಫೋಟೋ ಎಲ್ಲಾ ಚೆನ್ನಾಗಿದೆ. ಗಂಗೆ ಕಾಣೋ ರೂಮು ಅಂತಾನೂ ಇದೆ.

— ಗಂಗೆ ಕಾಣಬೇಕಾದರೆ ಮೂರನೇ ಮಹಡಿ, ನಾಲ್ಕನೇ ಮಹಡಿ ಇರಬೇಕು. ಲಿಫ್ಟ್ ಇಲ್ಲದಿದ್ದರೆ ಅಕ್ಕ ದಿನಕ್ಕೆ ಎಷ್ಟು ಸಲ ಇಳೀತಾಳೆ? ಆ ಹಳೇ ಮನೆಗಳ ಮೆಟ್ಟಿಲು ಒಂದೊಂದು ಮೊಳಕಾಲಿನೆತ್ತರ. ಅಕ್ಕನಿಗೆ ನೆಲಮಹಡಿ ರೂಮು ಕೇಳು, ಗಂಗೆ ನೋಡೋಕೆ ಹೊರಗೆ ಬಂದರಾಯ್ತು. ಫೋಟೋ ನೋಡಿ ಏನೂ ಗೊತ್ತಾಗಲ್ಲ. ಫೋನ್ ಮಾಡು. ಘಾಟ್ ಹತ್ತಿರಾನಾ ಅಂತ ಕೇಳಬೇಡ, ಎಲ್ಲರೂ ಹೌದು ಅಂತಾರೆ. ‘ಗಾಡಿ ಕಹಾಂ ತಕ್ ಆಯೇಗಿ?’ ಅಂತ ಕೇಳು. ಅವರು ಒಂದು ಅಂಗಡೀನೋ, ಗುಡೀನೋ, ಚೌಕಾನೋ ಹೆಸರು ಹೇಳಿದರೆ ಆಯ್ತು, ಅದನ್ನ ನಕ್ಷೇಲಿ ಹುಡುಕಿ ಅಲ್ಲಿಂದ ಲಾಡ್ಜಿಗೆ ನಡೆಯೋ ದಾರಿ ಹಾಕಿ ನೋಡು. ಬಾಗಿಲಿಗೇ ಬರುತ್ತೆ ಅಂದರೆ ಕಾರಾ, ಆಟೋನಾ, ಬರೀ ಸೈಕಲ್ ರಿಕ್ಷಾನಾ ಅಂತ ಕೇಳು. ಮಾತು ತಿರುಗಿಸಿದರೆ, ನೀವು ಬನ್ನಿ, ಹುಡುಗನ್ನ ಕಳಿಸ್ತೀವಿ ಅಂದರೆ, ಗಲ್ಲಿ ಉದ್ದ ಇದೆ ಅಂತ ಅರ್ಥ.

— ಅದು ಆದ ಮೇಲೆ?

— ಬಾಗಿಲಿಂದ ರೂಮಿಗೆ ಎಷ್ಟು ಮೆಟ್ಟಿಲು. ಕಮೋಡ್ ಇದೆಯಾ. ಬೆಳಗಿನ ಜಾವ ಎರಡೂವರೆಗೆ ಹೊರಬಾಗಿಲು ತೆಗೆಯೋರು ಯಾರು. ಸ್ನಾನಕ್ಕೆ ಆ ಹೊತ್ತಲ್ಲಿ ಬಿಸಿನೀರು ಬರುತ್ತಾ. ಅಲ್ಲಿ ಉಳಿದು ಬಂದೋರು ಬರೆದಿರೋದರಲ್ಲಿ ಮೆಟ್ಟಿಲು, ಗಲ್ಲಿ, ಸಾಮಾನು ಅಂತ ಎಲ್ಲಿದೆ ಅಂತ ಹುಡುಕಿ ಅದನ್ನ ಮಾತ್ರ ಓದು. ಮತ್ತೆ, ರದ್ದು ಮಾಡಿದರೆ ದುಡ್ಡು ವಾಪಸು ಬರಲ್ಲ ಅಂತಿದ್ದರೆ ಎರಡು ರಾತ್ರಿಗೆ ಮಾತ್ರ ಈಗ ಮಾಡು. ಮೂರನೇದು ಅಲ್ಲಿಗೆ ಹೋಗಿ ಅಕ್ಕ ಹೇಗಿದಾಳೆ ನೋಡಿಕೊಂಡು ಅಲ್ಲೇ ಹೇಳಿದರಾಯ್ತು, ಫೆಬ್ರವರಿ ಶುರುವಿನಲ್ಲಿ ಹಬ್ಬದ ದಿನ ಬಿಟ್ಟರೆ ಅಷ್ಟು ಒತ್ತಡ ಇರಲ್ಲ. ಪಂಚಾಂಗ ನೋಡಿಕೋ, ಆ ವಾರದಲ್ಲಿ ವಸಂತ ಪಂಚಮಿಯೋ ಮಾಘ ಹುಣ್ಣಿಮೆಯೋ ಬಂದರೆ ಸ್ನಾನಕ್ಕೆ ಜನ ಸೇರ್ತಾರೆ, ಆಗ ಮೂರನೇ ರಾತ್ರೀನೂ ಸೇರಿಸಿ ಮಾಡಿಬಿಡು.

— ಮಾಘ ಹುಣ್ಣಿಮೆ ನಾವು ಕಾಶಿಯಿಂದ ಹೊರಡೋ ದಿನದ ಮಾರನೇ ದಿನ ಬರುತ್ತೆ ಅನ್ಸುತ್ತೆ. ಕ್ಯಾಲೆಂಡರ್ ತರ್ತೀನಿ ಇರಿ.

— ತಗೊಂಡು ಬಾ. ಹಾಗೇನಾದರೂ ಇದ್ದರೆ ಆ ಸಂಜೆ ಎರಡು ಗಂಟೆ ಮುಂಚೆ ಹೊರಟರೆ ಸಾಲದು, ಮೂರು ಗಂಟೆ ಇಟ್ಟುಕೋ. ರಾಮನಗರದ ಸೇತುವೆ ಮೇಲೂ ಜನ ಇರ್ತಾರೆ.